ತೊಂದರೆಯ ಸಾಲಿನಲ್ಲಿ ಒಂದು ಹಳದಿ ಚೀಟಿ

ಅವಳಿಗೆ ಜರಡಿ ಎಂಬ ಹೆಸರು ಬಿದ್ದದ್ದು ಆ ಆಫೀಸಿಗೆ ಕಾಲಿಟ್ಟ ಹೊಸತರಲ್ಲೇ. ಹುಡುಗರು ಬರೆದುಕೊಟ್ಟ ಪ್ರೋಗ್ರಾಮನ್ನು ಗಿರಾಕಿಗಳ ಕೈಗೆ ಹೋಗುವ ಮುಂಚೆ ಆಡಿಸಿ, ಅಲ್ಲಾಡಿಸಿ, ತಪ್ಪು ಹುಡುಕುವುದು ಅವಳ ಕೆಲಸ. ಟೆಸ್ಟಿಂಗ್ ಎನ್ನುತ್ತಾರೆ ಅದಕ್ಕೆ. ಒಂದು ಹರಳೂ ದಾಟದ ಹಾಗೆ ಸೋಸುತ್ತಾಳೆಂದು ಯಾರೋ ಮೆಚ್ಚಿಕೊಂಡು ಇಟ್ಟ ಹೆಸರು. ಆಮೇಲಾಮೇಲೆ ಅದೇ ಹೆಸರನ್ನು ಹಲ್ಲು ಕಚ್ಚಿಕೊಂಡು ಕರೆಯುವವರೂ ಹುಟ್ಟಿಕೊಂಡರು.

ಸೋಸುವ ಚಾಳಿ ಅವಳಿಗೆ ಬಂದದ್ದು ಓದಿನಿಂದಲ್ಲ, ಅಮ್ಮನಿಂದ. ಅಮ್ಮ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಹೊಲಿದು ಮುಗಿಸಿದ ಅಂಗಿಯನ್ನು ಮಗಳ ಕಡೆ ಎಸೆದು, "ಎಳೆದು ನೋಡೇ. ಬಿಚ್ಕೊಳೋದಿದ್ರೆ ಇಲ್ಲೇ ಬಿಚ್ಕೊಳ್ಲಿ" ಎನ್ನುತ್ತಿದ್ದಳು. ಹುಡುಗಿ ಕಂಕುಳ ಹತ್ತಿರದ ಹೊಲಿಗೆಯನ್ನು ಎರಡು ಕೈಯಲ್ಲೂ ಹಿಡಿದು ಜಗ್ಗುತ್ತಿದ್ದಳು. ಒಮ್ಮೆ ಬಟ್ಟೆಯೇ ಪರ್‍ರೆಂದು ಹರಿದುಹೋಯಿತು. ತಲೆಗೊಂದು ಮೊಟಕಿ, "ಹೊಲಿಗೆ ನೋಡು ಅಂದ್ರೆ ಬಟ್ಟೆ ಹರೀತೀಯಲ್ಲೇ!" ಎಂದು ಬೈದು, ಮರುಕ್ಷಣವೇ ಮುಂದಿನ ಅಂಗಿ ಎಸೆದಿದ್ದಳು ಅಮ್ಮ. ಬೈದರೂ ಎಳೆಯುವ ಕೆಲಸವನ್ನು ಅವಳಿಂದ ಕಿತ್ತುಕೊಳ್ಳಲಿಲ್ಲ.

ಈಗ ಅವಳಿಗೆ ಕಾಲೇಜಿಗೆ ಹೋಗುವ ಮಗಳಿದ್ದಾಳೆ, ಊರೂರು ಸುತ್ತಿ ಲಾರಿ ಕಂಪನಿಯ ವ್ಯವಹಾರ ನೋಡುವ ಗಂಡನಿದ್ದಾನೆ, ಮನೆಯಲ್ಲಿ ಎಲ್ಲಕ್ಕೂ ಒಂದು ಮಾತು ಸೇರಿಸುವ ಅತ್ತೆ ಇದ್ದಾರೆ. ಆಫೀಸಿನಲ್ಲಿ ಮಾತ್ರ ಅವಳದು ಕಾಯಂ ಕೆಲಸವಲ್ಲ, ಕಾಂಟ್ರಾಕ್ಟ್. ಆರು ತಿಂಗಳಿಗೊಮ್ಮೆ ತಂಡದ ಮುಖ್ಯಸ್ಥ ಅಭಿಪ್ರಾಯ ಬರೆದುಕೊಡಬೇಕು, ಮ್ಯಾನೇಜರ್ ಸಹಿ ಹಾಕಬೇಕು. ಆಗಷ್ಟೇ ಮುಂದಿನ ಆರು ತಿಂಗಳು.

ಆ ಮುಖ್ಯಸ್ಥನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಆಸ್ಪತ್ರೆಗಳಲ್ಲಿ ಡಾಕ್ಟರ ಭೇಟಿಗೆ ಮನೆಯಿಂದಲೇ ಸಮಯ ಕಾದಿರಿಸುವ ಪ್ರೋಗ್ರಾಮು ಆ ತಂಡದ್ದು. ಅದರ ಮೊದಲ ಸಾಲಿನಿಂದ ಬರೆದವನು ಅವನೇ. ಬುದ್ಧಿವಂತ, ಮುಂಗೋಪಿ. ಯಾರು ಏನೇ ಬರೆದರೂ ಅವನು ಓದಿ ಒಪ್ಪಿದ ಮೇಲೆಯೇ ಅದು ಪ್ರೋಗ್ರಾಮಿನೊಳಗೆ ಸೇರಬೇಕು. ಅದು ರಿವ್ಯೂ. ಅವನಿಗೋ ಮೈತುಂಬ ಕೆಲಸ. ಹುಡುಗರು ಬರೆದದ್ದು ಅವನ ಬಾಗಿಲಲ್ಲಿ ದಿನಗಟ್ಟಲೆ ಕಾಯುತ್ತ ಬಿದ್ದಿರುತ್ತಿತ್ತು. ಕೊನೆಗೆ ಒಂದೇ ಸಲಕ್ಕೆ ಎಲ್ಲವನ್ನೂ ಒಪ್ಪಿ, ಕೊನೆಯ ದಿನ ಜರಡಿಯ ತಲೆ ಮೇಲೆ ಸುರಿಯುತ್ತಿದ್ದ. "ಟೆಸ್ಟಿಂಗ್ ಇನ್ನೂ ಮುಗಿದಿಲ್ವಾ?" ಎಂದು ಕೇಳುವವನೂ ಅವನೇ.

ಅವರ ಕೆಲಸ ಎರಡೆರಡು ವಾರದ ಕಂತುಗಳಲ್ಲಿ ನಡೆಯುತ್ತಿತ್ತು. ಒಂದು ಕಂತಿಗೆ ಸ್ಪ್ರಿಂಟ್ ಎಂದು ಹೆಸರು. ಸ್ಪ್ರಿಂಟ್ ಮುಗಿದಾಗ ಇಡೀ ತಂಡ ಒಂದು ಕೋಣೆಯಲ್ಲಿ ಕುಳಿತು ಆದದ್ದನ್ನು ಹಿಂತಿರುಗಿ ನೋಡಬೇಕು. ಅದು ರೆಟ್ರೋ. ಗೋಡೆಯ ಬಿಳಿ ಹಲಗೆಯ ಮೇಲೆ ಮೂರು ಸಾಲು: ಚೆನ್ನಾಗಿ ಆದದ್ದು, ತೊಂದರೆ, ಮಾಡಿ ನೋಡುವುದು. ಎಲ್ಲರೂ ಚೀಟಿಗಳಲ್ಲಿ ತಮಗನ್ನಿಸಿದ್ದು ಬರೆದು ಅಂಟಿಸುತ್ತಾರೆ, ಅದರ ಮೇಲೆ ಮಾತಾಡುತ್ತಾರೆ, ಕೊನೆಗೆ ಮುಂದಿನ ಸ್ಪ್ರಿಂಟ್‌ನಲ್ಲಿ ಮಾಡಿ ನೋಡಲು ಒಂದೆರಡು ಪ್ರಯೋಗಗಳನ್ನು ಒಪ್ಪಿಕೊಳ್ಳುತ್ತಾರೆ. ಸಭೆ ನಡೆಸುವಾಕೆ ಮೇಜಿನ ಮೇಲೆ ಅಡಿಗೆಮನೆಯ ಟೈಮರೊಂದನ್ನು ಇಟ್ಟುಕೊಂಡು, ಯಾರ ಮಾತು ಉದ್ದವಾದರೂ ಟಣ್ ಎನ್ನಿಸುತ್ತಿದ್ದಳು. ಹಾಗಾಗಿ ಆಕೆ ಗಂಟೆ ಮೇಡಂ. ಮ್ಯಾನೇಜರಿಗೆ ಆ ಕೋಣೆಗೆ ಪ್ರವೇಶವಿಲ್ಲ. ಅಲ್ಲಿ ಆಡಿದ ಮಾತು ಅಲ್ಲಿಗೇ, ಒಪ್ಪಿದ ಪ್ರಯೋಗಗಳು ಮಾತ್ರ ಮೇಲಕ್ಕೆ. ತಂಡ ತಾನೇ ಹಾಕಿಕೊಂಡ ಕಟ್ಟುಪಾಡು ಅದು.

ಇದರ ಮಿನಿಟ್ಸ್, ಅಂದರೆ ಸಭೆಯ ನಡಾವಳಿ, ಬರೆಯುವ ಕೆಲಸ ಜರಡಿಯ ಕೊರಳಿಗೆ ಬಿದ್ದಿತ್ತು. ಸರದಿಯಂತೆ ಬರೆಯಬೇಕೆಂದು ಮಾತಾಗಿತ್ತು, ಆದರೆ ಗಂಡಸರ ಸರದಿ ಬಂದಾಗಲೆಲ್ಲ ಅವರಿಗೆ ಏನೋ ಅರ್ಜೆಂಟು ಬರುತ್ತಿತ್ತು. ಅಪರೂಪಕ್ಕೊಮ್ಮೆ ಅವರು ಬರೆದದ್ದೂ ಅಷ್ಟರಲ್ಲೇ ಇತ್ತು. "ಬೇಗ ಟೆಸ್ಟಿಂಗಿಗೆ ಕೊಡಲು ಎಲ್ಲರೂ ಪ್ರಯತ್ನಿಸುವುದು." ಯಾರು, ಎಂದಿನಿಂದ, ಆಯಿತೋ ಇಲ್ಲವೋ ತಿಳಿಯುವುದು ಹೇಗೆ, ಒಂದೂ ಇಲ್ಲ. ಅದೇ ಸಾಲು ಒಂದರ ಹಿಂದೊಂದು ಸ್ಪ್ರಿಂಟ್‌ನಲ್ಲಿ ಬಂತು. ಎಲ್ಲರೂ ಅಂದರೆ ಯಾರೂ ಇಲ್ಲ. ಜರಡಿ ಬರೆಯತೊಡಗಿದ ಮೇಲೆಯೇ ಪ್ರಯೋಗಕ್ಕೆ ಒಬ್ಬ ವಾರಸುದಾರ ಬಂದದ್ದು.

ಹಿಂದಿನ ರೆಟ್ರೋದಲ್ಲಿ ತೊಂದರೆಯ ಸಾಲಿನಲ್ಲಿ ಒಂದು ಹಳದಿ ಚೀಟಿ ಅಂಟಿತ್ತು: "ರಿವ್ಯೂ ಎಲ್ಲ ಒಬ್ಬರ ಹತ್ತಿರವೇ ಕಾಯುತ್ತದೆ." ಯಾರು ಬರೆದರೆಂದು ಕೇಳುವ ಪದ್ಧತಿಯಿಲ್ಲ. ಅವತ್ತು ದೊಡ್ಡಣ್ಣ ಅದನ್ನು ಓದಿ ತುಟಿ ಓರೆ ಮಾಡಿದ್ದ. ಹೊತ್ತು ಮೀರಿದ್ದರಿಂದ ಅದರ ಮೇಲೆ ಮಾತೂ ಆಗಲಿಲ್ಲ. ಜರಡಿ ಚೀಟಿಯಲ್ಲಿದ್ದಂತೆ ಮಿನಿಟ್ಸ್‌ನಲ್ಲಿ ಇಳಿಸಿದ್ದಳು. ಹೆಸರು ಬರೆದಿರಲಿಲ್ಲ. ಹೆಸರೇಕೆ? ಆ ಒಬ್ಬರು ಯಾರೆಂದು ಬಾಗಿಲು ಕಾಯುವವನಿಗೂ ಗೊತ್ತು.

ಈ ಸಲದ ರೆಟ್ರೋಗೆ ದೊಡ್ಡಣ್ಣ ಬಂದದ್ದೇ ಬೇರೆ ಮುಖ ಹೊತ್ತು. ಕುರ್ಚಿಯನ್ನು ಎಳೆದ ಸದ್ದಿಗೇ ಗಂಟೆ ಮೇಡಂ ತಲೆಯೆತ್ತಿದಳು.

"ಎಲ್ಲರೂ ಚೀಟಿ ತಗೊಳ್ಳಿ," ಎಂದಳು.

"ಚೀಟಿ ಆಮೇಲೆ," ಎಂದ ದೊಡ್ಡಣ್ಣ. "ಮೊದ್ಲು ಒಂದು ವಿಷಯ ಇತ್ಯರ್ಥ ಆಗ್ಲಿ. ಇಲ್ಲಿ ಆಡಿದ್ದು ಇಲ್ಲೇ ಇರ್ಬೇಕು ಅಂತ ಯಾರು ಹೇಳಿದ್ದು?"

"ನಾವೇ."

"ಹಾಗಾದ್ರೆ ಮ್ಯಾನೇಜರ್ ನನ್ನನ್ನ ಕರೆದು, 'ರಿವ್ಯೂ ಎಲ್ಲ ನಿನ್ನತ್ರಾನೇ ಕೊಳೀತಿದೆಯಂತೆ' ಅಂತ ಹೇಗೆ ಕೇಳ್ತಾನೆ? ಆ ಚೀಟೀಲಿದ್ದ ಮಾತೇ! ಹೊಸ ಪ್ರಾಜೆಕ್ಟು ನಂಗೆ ಅಂತ ಹೇಳಿದ್ದ. ಈಗ ಆ ಕಡೆಯ ಕಟ್ಟಡದವನಿಗೆ ಕೊಟ್ಟ. 'ಮೊದ್ಲು ನಿನ್ನ ಮನೆ ಗುಡಿಸ್ಕೋ' ಅಂದ. ನಂಗೆ! ಈ ಪ್ರೋಗ್ರಾಮು ಕಟ್ಟಿದವನಿಗೆ!"

ಅವನ ಕಣ್ಣು ಸುತ್ತು ಹೊಡೆದು ಬಂದು ಜರಡಿಯ ಮೇಲೆ ನಿಂತಿತು.

"ಮಿನಿಟ್ಸ್ ಬರೆಯೋರು ಯಾರು, ತಾಯಿ?"

"ನಾನು."

"ಹಾಂ. ಹೇಳಿ ಮತ್ತೆ."

"ನಾನು ಯಾರಿಗೂ ಕಳಿಸಿಲ್ಲ."

"ಕಳಿಸ್ಲಿಲ್ಲ. ಅದಕ್ಕೆ ರೆಕ್ಕೆ ಬಂದು ಹಾರಿಹೋಯ್ತು, ಅಲ್ವಾ? ಟೆಸ್ಟಿಂಗ್ ತಡ ಆದ್ರೆ ನಿಮ್ಮ ಮೇಲೆ ಬರುತ್ತೆ. ಅದಕ್ಕೆ ನನ್ನ ತಲೆ ಮೇಲೆ ಗೂಬೆ ಕೂರ್ಸಿದ್ರಿ. ಕಾಂಟ್ರಾಕ್ಟು ಬೇರೆ ಮುಗಿಯೋಕೆ ಬಂದಿದೆ. ನಾನೇನು ಅಷ್ಟೂ ಅರ್ಥ ಆಗದ ದಡ್ಡನಾ?"

ಜರಡಿಗೆ ಮೈಯೆಲ್ಲ ಉರಿಯಿತು. ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಕೈ ತನ್ನ ಪಾಡಿಗೆ ಲ್ಯಾಪ್‌ಟಾಪ್ ತೆರೆದು ಹಿಂದಿನ ಮಿನಿಟ್ಸ್ ಇದ್ದ ಪುಟಕ್ಕೆ ಹೋಗಿತ್ತು. ತನ್ನ ಕಡೆಗೆ ಏನಾದರೂ ಸಾಕ್ಷಿ ಸಿಗುತ್ತದೆಂಬ ಆಸೆ. ಪುಟದ ನೆತ್ತಿಯಲ್ಲಿ, ಅದು ಯಾವ ಫೋಲ್ಡರಿನೊಳಗೆ ಇದೆಯೆಂದು ಸಣ್ಣ ಅಕ್ಷರದಲ್ಲಿ ತೋರಿಸುತ್ತದೆ. ಅದನ್ನು ಓದಿದಳು. ಮತ್ತೊಮ್ಮೆ ಓದಿದಳು.

ಆ ಪುಟ ತಂಡದ ಫೋಲ್ಡರಿನಲ್ಲಿ ಇರಲಿಲ್ಲ. ಇಡೀ ವಿಭಾಗದ ಫೋಲ್ಡರಿನಲ್ಲಿತ್ತು.

ಆಗಿದ್ದು ಇಷ್ಟೇ. ಪ್ರತಿ ಸಲ ಹೊಸ ಪುಟಕ್ಕೆ ಗೆರೆ ಎಳೆದು ಸಾಲು ಮಾಡುವ ರಗಳೆ ಬೇಡವೆಂದು ಹಳೆಯದೊಂದನ್ನು ನಕಲು ಮಾಡಿ, ಒಳಗಿನದನ್ನು ಅಳಿಸಿ ಬರೆಯುವುದು ಅವಳ ರೂಢಿ. ಹಿಂದಿನ ಸಲ ಮಾತ್ರ ವಿಭಾಗದ ಬೇರೊಂದು ಪುಟದಲ್ಲಿ ಸಾಲುಗಳು ಅಂದವಾಗಿದ್ದವೆಂದು ಅದನ್ನು ನಕಲು ಮಾಡಿದ್ದಳು. ನಕಲು ಹುಟ್ಟುವುದು ಮೂಲ ಇದ್ದ ಜಾಗದಲ್ಲೇ. ಆ ಫೋಲ್ಡರನ್ನು ಯಾರು ಬೇಕಾದರೂ ಓದಬಹುದು, ಹೊಸ ಪುಟ ಹುಟ್ಟಿದರೆ ಮ್ಯಾನೇಜರಿಗೆ ತಾನಾಗಿಯೇ ಮೇಲ್ ಹೋಗುತ್ತದೆ. ಯಾರ ಕೈಯೂ ಕಳಿಸಬೇಕಾಗಿಲ್ಲ. ಲೋಕದ ಹೊಲಿಗೆಯನ್ನೆಲ್ಲ ಎಳೆದು ನೋಡುವವಳು ತನ್ನದೊಂದನ್ನು ಎಳೆದು ನೋಡಿರಲಿಲ್ಲ.

ದೊಡ್ಡಣ್ಣ ಇನ್ನೂ ಗಂಟೆ ಮೇಡಂ ಜೊತೆ ಹಾರಾಡುತ್ತಿದ್ದ. ಯಾರೂ ಜರಡಿಯ ಪರದೆ ನೋಡುತ್ತಿರಲಿಲ್ಲ. ಒಂದು ಸಲ ಒತ್ತಿದರೆ ಪುಟ ತಂಡದ ಫೋಲ್ಡರಿಗೆ ಸರಿದುಬಿಡುತ್ತದೆ. ಅಲ್ಲಿ ಇಲ್ಲಿ ಕೆದಕಿ ನೋಡುವಷ್ಟು ವ್ಯವಧಾನ ಈ ಕೋಣೆಯಲ್ಲಿ ಯಾರಿಗೂ ಇಲ್ಲ. ಬೆರಳು ಅಲ್ಲಿಗೇ ಹೋಗಿ ನಿಂತಿತು.

ಬಾಯಿ ಬಿಟ್ಟರೆ ಕೆಲಸ ಹೋಯಿತು. ಅವನ ಅಭಿಪ್ರಾಯದ ಕಾಗದ ಇನ್ನೂ ಅವನ ಬಳಿಯೇ ಇದೆ. ಬಾಯಿ ಮುಚ್ಚಿಕೊಂಡರೆ? ಅನುಮಾನ ಅವಳ ಮೇಲೆ ಹೇಗೂ ಉಳಿಯುತ್ತದೆ. ಆದರೆ ಅನುಮಾನ ಅವಳೊಬ್ಬಳ ಮೇಲೇ ಉಳಿಯುವುದಿಲ್ಲವಲ್ಲ. ನಾಳೆ ಇನ್ನೊಬ್ಬರ ಮೇಲೆ, ನಾಡಿದ್ದು ಮತ್ತೊಬ್ಬರ ಮೇಲೆ. ಆಮೇಲೆ ಈ ಹಲಗೆಯ ಮೇಲೆ ಚೆನ್ನಾಗಿ ಆದದ್ದೊಂದೇ ಸಾಲು ತುಂಬುತ್ತದೆ.

"ಒಂದು ನಿಮಿಷ," ಎಂದಳು. ಧ್ವನಿ ತಾನೆಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನನ್ನಿಂದಾನೇ ಹೋಗಿದೆ. ಕಳಿಸಿದ್ದಲ್ಲ. ಪುಟಾನ ತಪ್ಪು ಜಾಗದಲ್ಲಿ ಮಾಡಿದೀನಿ. ನೋಡಿ."

ಪರದೆಯನ್ನು ಅವರ ಕಡೆ ತಿರುಗಿಸಿದಳು.

ದೊಡ್ಡಣ್ಣ ಬಗ್ಗಿ ಓದಿದ. ಓದಿ ನೆಟ್ಟಗೆ ಕೂತು, ಎರಡು ಕೈಯನ್ನೂ ಮೇಲಕ್ಕೆತ್ತಿದ. "ನೋಡಿದ್ರಾ? ನಾ ಹೇಳ್ಲಿಲ್ವಾ? ನನ್ನ ಬಾಯಲ್ಲಿ ಅನ್ನಿಸ್ಕೊಂಡ್ಮೇಲೇ ನಿಜ ಹೊರಗೆ ಬಂತು!"

"ಈಗಷ್ಟೇ ನೋಡಿದ್ದು ನಾನು."

"ಊರವರ ತಪ್ಪೆಲ್ಲ ಹೆಕ್ಕೋ ಕಣ್ಣು ತನ್ನದಕ್ಕೆ ಮಾತ್ರ ಕುರುಡು. ಏನು ಹೇಳಣ ಇದಕ್ಕೆ? ಅಭಿಪ್ರಾಯ ಬರಿಯೋಕೆ ನಂಗೀಗ ಕಷ್ಟ ಇಲ್ಲ ಬಿಡಿ. ಒಂದು ಸಾಲು ಸಾಕು."

ಜರಡಿ ಪರದೆಯನ್ನು ತಿರುಗಿಸಿಕೊಂಡು ಪುಟವನ್ನು ತಂಡದ ಫೋಲ್ಡರಿಗೆ ಸರಿಸಿದಳು.

ಆಗ ಮೂಲೆಯಿಂದ ಮೌನಿ ಕೆಮ್ಮಿದ. ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನ ಪ್ರೋಗ್ರಾಮರ್; ಅವನ ಬಾಯಿ ತೆರೆಯುವುದು ಆಕಳಿಕೆಗೆ ಮಾತ್ರ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

"ಅಣ್ಣಾ, ಆ ಹಳದಿ ಚೀಟಿ ಬರೆದಿದ್ದು ನಾನು."

"ನೀನಾ?"

"ಪುಟ ತಪ್ಪು ಜಾಗಕ್ಕೆ ಹೋಯ್ತು, ಸರಿ. ಅದ್ರೊಳಗಿದ್ದ ಮಾತು ತಪ್ಪಾ?"

"ಏಯ್, ನನ್ನ ಎದುರಿಗೇ ಹೇಳೋಕೆ ಬಾಯಿರಲಿಲ್ವಾ?"

"ಹೇಳಿದ್ದೆ. ರಿವ್ಯೂ ಮಾಡ್ಕೊಡಿ ಅಂತ ದಿನಾ ಬಂದು ನಿಂತ್ರೆ, 'ತಲೆ ತಿನ್ಬೇಡ' ಅಂತೀರ. ಮತ್ತೆ ಎಲ್ಲಿ ಹೇಳ್ಲಿ? ಚೀಟಿ ಅಂಟಿಸಿದೆ."

ದೊಡ್ಡಣ್ಣನ ಮುಖ ಕೆಂಡವಾಯಿತು. ಏನೋ ಅನ್ನಲು ಹೊರಟ. ಅಷ್ಟರಲ್ಲಿ ಟಣ್ ಎಂದಿತು ಟೈಮರು. ಗಂಟೆ ಮೇಡಂ ಅದನ್ನು ಬೇಕೆಂದೇ ತಿರುಗಿಸಿದ್ದಳೋ ಏನೋ.

"ಜಗಳ ಮುಗೀತು ಅಂತ ನಾನು ಹೇಳಲ್ಲ," ಎಂದಳು ಆಕೆ. "ಆದ್ರೆ ಎರಡೂ ತೊಂದರೆ ಸಾಲಿಗೆ ಹೋಗ್ಲಿ. ಮಿನಿಟ್ಸ್ ತಂಡದಿಂದ ಹೊರಗೆ ಹೋಯ್ತು, ಒಂದು. ರಿವ್ಯೂ ಕಾಯ್ತಿದೆ, ಎರಡು. ಜರಡಿ, ಬರ್ಕೊಳ್ಳಿ. ನಿಮ್ಮ ತಪ್ಪನ್ನ ನೀವೇ ಬರೀಬೇಕು, ಬೇಜಾರಿಲ್ವಾ?"

"ಬೇಜಾರಿದೆ. ಬರೀತೀನಿ," ಎಂದಳು ಜರಡಿ.

ಮೊದಲನೆಯದಕ್ಕೆ ಪ್ರಯೋಗ ಸುಲಭವಾಗಿಯೇ ಕುದುರಿತು. ಇನ್ನು ಮುಂದೆ ಪುಟ ನಕಲು ಮಾಡುವಂತಿಲ್ಲ, ತಂಡದ ಫೋಲ್ಡರಿನಲ್ಲೇ ಹೊಸದಾಗಿ ತೆರೆಯುವುದು. ಸಭೆ ಮುಗಿಯುವ ಮುಂಚೆ ಬರೆದದ್ದನ್ನು ಗಟ್ಟಿಯಾಗಿ ಓದುವುದು, ಎಲ್ಲರೂ ಹೂಂ ಎಂದರಷ್ಟೇ ಉಳಿಸುವುದು. ಎರಡನೆಯದಕ್ಕೆ ಮಾತ್ರ ಹೆಜ್ಜೆ ಹೆಜ್ಜೆಗೂ ಕಲ್ಲು. ಸಣ್ಣಪುಟ್ಟ ಬದಲಾವಣೆಗಳ ರಿವ್ಯೂವನ್ನು ಮೌನಿಯೂ ಮಾಡಬಹುದೆಂದು ಒಬ್ಬರು ಸೂಚಿಸಿದ್ದೇ ತಡ, ದೊಡ್ಡಣ್ಣ ಮೇಜು ಕುಟ್ಟಿದ.

"ಇವನು ಒಪ್ಪಿದ್ದು ಆಸ್ಪತ್ರೆಗೆ ಹೋಗಿ ಏನಾದ್ರೂ ಎಡವಟ್ಟಾದ್ರೆ ಬೈಸ್ಕೊಳೋದು ನಾನು!"

"ಹಾಗಾದ್ರೆ ಯಾವಾಗ ನಿಲ್ಲಿಸ್ಬೇಕು, ಅದನ್ನೂ ಈಗ್ಲೇ ಹೇಳಿ," ಎಂದಳು ಜರಡಿ ಬರೆಯುತ್ತಲೇ.

"ಒಂದೇ ಒಂದು ತಪ್ಪು ಗಿರಾಕಿಗಳವರೆಗೆ ಹೋದ್ರೂ ನಿಲ್ಲಿಸ್ಬೇಕು. ಅವತ್ತೇ!"

"ಬರ್ದೆ. ಸರಿಹೋಯ್ತು ಅಂತ ಹೇಗೆ ಗೊತ್ತಾಗ್ಬೇಕು?"

"ಇವತ್ತು ಕೊಟ್ಟಿದ್ದು ನಾಳೆ ಬೆಳಗಿನ ಮೀಟಿಂಗ್ ಒಳಗೆ ರಿವ್ಯೂ ಆಗಿರ್ಬೇಕು," ಎಂದ ಮೌನಿ.

"ಎಷ್ಟು ದಿನ?"

"ಈ ಸ್ಪ್ರಿಂಟ್ ಒಂದೇ," ಎಂದ ದೊಡ್ಡಣ್ಣ. "ಹೇಗೆ ಮುಗ್ಗರಿಸುತ್ತೆ ಅಂತ ನಾನೇ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡ್ತೀನಿ."

ಜರಡಿ ಟೈಪು ಮಾಡಿ, ಓದಿದಳು: "ನೋಡಿಕೊಳ್ಳುವವರು, ದೊಡ್ಡಣ್ಣ."

"ಏಯ್, ನಾನು ಹಾಗೆ ಹೇಳಿದ್ದಲ್ಲ!"

"ನೀವೇ ನೋಡ್ತೀನಿ ಅಂದ್ರಲ್ಲ. ಬೇರೆಯವರ ಹೆಸರು ಹಾಕ್ಲಾ?"

ಅವನು ಸುತ್ತ ನೋಡಿದ. ಮೌನಿಯ ಹೆಸರು ಹಾಕಿಸುವುದಕ್ಕಿಂತ ತನ್ನದೇ ವಾಸಿ ಎನ್ನಿಸಿರಬೇಕು. "ಹಾಕ್ಕೊಳ್ಳಿ. ಬಿದ್ದಾಗ ನಾನೇ ಮಣ್ಣು ಮಾಡ್ತೀನಿ," ಎಂದ. ಎಲ್ಲವನ್ನೂ ಅವಳು ಗಟ್ಟಿಯಾಗಿ ಓದಿದಳು. ಎಲ್ಲರೂ ಹೂಂ ಎಂದರು. ಅವನ ಹೂಂ ಗುರುಗುಟ್ಟಿದಂತಿತ್ತು.

ಆ ಸಂಜೆ ಮನೆಯಲ್ಲಿ ಅವಳು ಪಾತ್ರೆ ತೊಳೆಯುವ ರಭಸಕ್ಕೆ ಅತ್ತೆ ಎದ್ದು ಬಂದರು.

"ಏನೇ, ಆ ಪಾತ್ರೆ ಏನು ಮಾಡ್ತು ನಿಂಗೆ?"

"ತಪ್ಪು ನಂದೇ ಅತ್ತೆ. ಒಪ್ಕೊಂಡೆ. ಎಲ್ಲರೆದುರಿಗೆ."

"ಒಪ್ಕೊಂಡ್ಮೇಲೆ ಅವ್ರೇನಂದ್ರು?"

"ಮೊದ್ಲಿಗಿಂತ ಜಾಸ್ತಿ ಬೈದ್ರು."

"ಮತ್ತೇನು, ಹಾರ ಹಾಕ್ತಾರೆ ಅಂದ್ಕೊಂಡಿದ್ಯಾ? ಸರಿ, ಅದನ್ನಿಡು, ತಳ ತೂತಾಗುತ್ತೆ," ಎಂದು ಪಾತ್ರೆ ಕಿತ್ತುಕೊಂಡರು.

ಎರಡು ದಿನ ಕಳೆದ ಮೇಲೆ ಮ್ಯಾನೇಜರ್ ಕರೆಸಿದ. ಗಾಜಿನ ಕೋಣೆ, ಮೇಜಿನ ಮೇಲೆ ಒಂದು ಕಾಗದವೂ ಇಲ್ಲ. ಕೂರಲು ಹೇಳಿ ನಗುನಗುತ್ತಲೇ ಶುರುಮಾಡಿದ.

"ನಿಮ್ಮ ರೆಟ್ರೋ ಪುಟ ತೆರೀತಿಲ್ವಲ್ಲ. ಹಿಂದಿನದು ತುಂಬ ಚೆನ್ನಾಗಿತ್ತು. ನಂಗೆ ಎಷ್ಟೋ ವಿಷಯ ಗೊತ್ತಾಯ್ತು."

"ಅದು ನನ್ನ ತಪ್ಪಿಂದ ನಿಮಗೆ ಕಾಣಿಸ್ತು ಸರ್. ಪ್ರಯೋಗಗಳನ್ನ ಕಳಿಸಿದೀನಿ."

"ಪ್ರಯೋಗ ಕಟ್ಕೊಂಡು ನಂಗೇನಾಗ್ಬೇಕು? ಯಾರು ಏನಂದ್ರು, ಯಾರಿಂದ ಏನು ನಿಂತಿದೆ, ಅದು ಬೇಕು. ಹೆಸರು ಸಮೇತ."

"ಅದನ್ನ ಕೊಡೋಕಾಗಲ್ಲ."

ನಗು ಹಾಗೇ ಇತ್ತು, ಕಣ್ಣಿನಿಂದ ಮಾತ್ರ ಇಳಿದುಹೋಯಿತು. "ನಿಮ್ಮ ಕಾಂಟ್ರಾಕ್ಟ್ ನನ್ನ ಹತ್ರಾನೇ ಬರೋದು, ಗೊತ್ತಲ್ಲ? ಆ ಮನುಷ್ಯ ನಿಮ್ಮ ಬಗ್ಗೆ ಒಳ್ಳೇದು ಬರೀತಾನೆ ಅಂತ ನಂಬಿದೀರಾ? ನನ್ನ ಕಡೆ ಇದ್ರೆ ಅವನ ಅಭಿಪ್ರಾಯ ನಾನು ನೋಡೋದೇ ಇಲ್ಲ."

ಜರಡಿ ಆ ಕುರ್ಚಿಯಲ್ಲಿ ಕೂತೇ ಒಂದು ಗಳಿಗೆ ಯೋಚಿಸಿದಳು. ದೊಡ್ಡಣ್ಣನ ಮೇಲೆ ಅವಳಿಗೆ ಪ್ರೀತಿಯೇನೂ ಉಕ್ಕಿ ಹರಿಯುತ್ತಿರಲಿಲ್ಲ. ಅವನ ಹೆಸರನ್ನು ಇಲ್ಲಿ ಆಡಿದರೆ ನಾಲಿಗೆಗೆ ಸಿಹಿಯಾಗಿಯೇ ಇರುತ್ತಿತ್ತು.

"ತಪ್ಪಿ ಹೋಗಿದ್ದು ಒಂದು ಸಲ ಸರ್," ಎಂದಳು. "ಈಗ ಕೊಟ್ರೆ ಅವರು ನನ್ನ ಬಗ್ಗೆ ಹೇಳಿದ್ದೆಲ್ಲ ನಿಜ ಆಗುತ್ತೆ. ನಿಮಗೆ ಏನು ಕೇಳ್ಬೇಕೋ ಅವರನ್ನೇ ಕರೆದು ಕೇಳಿ."

"ಹೋಗಿ," ಎಂದ ಮ್ಯಾನೇಜರ್. ಅವಳು ಬಾಗಿಲು ದಾಟುವ ಮುಂಚೆಯೇ ಫೋನು ಎತ್ತಿಕೊಂಡಿದ್ದ.

ಆ ಸ್ಪ್ರಿಂಟ್ ಕಳೆದದ್ದು ಮಾತಿಲ್ಲದೆ. ದೊಡ್ಡಣ್ಣ ಅವಳ ಜೊತೆ ಬರವಣಿಗೆಯಲ್ಲೇ ಮಾತಾಡುತ್ತಿದ್ದ, ಒಂದೊಂದೇ ಪದ: "ಆಯ್ತು." "ಇಲ್ಲ." "ನೋಡಿ." ಕಾಫಿ ಮಿಷನ್ ಹತ್ತಿರ ಎದುರಾದರೆ ಲೋಟ ಹಿಡಿದವನು ಹಾಗೆಯೇ ಹಿಂದಕ್ಕೆ ತಿರುಗುತ್ತಿದ್ದ. ಉಳಿದವರೂ ಅವಳ ಪಕ್ಕ ಊಟದ ಡಬ್ಬಿ ತೆರೆಯಲು ಹಿಂಜರಿಯುತ್ತಿದ್ದರು. ಪುಟದ ವಿಷಯವೋ ದೊಡ್ಡಣ್ಣನ ಭಯವೋ, ಅವಳು ಕೇಳಲಿಲ್ಲ. ಕೆಲಸ ಮಾತ್ರ ಬರತೊಡಗಿತ್ತು. ಕೊನೆಯ ದಿನಕ್ಕೆ ಕಾಯದೆ ದಿನಾ ಸ್ವಲ್ಪ ಸ್ವಲ್ಪವೇ ಅವಳ ಮೇಜಿಗೆ ಬಂತು.

ನಡುವೆ ಒಂದು ಮಧ್ಯಾಹ್ನ ಅವಳು ಡಾಕ್ಟರ ಭೇಟಿಯೊಂದನ್ನು ಕಾದಿರಿಸಿ, ರದ್ದು ಮಾಡಿ, ಸುಮ್ಮನೆ ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಫೋನಿಗೆ ಸಂದೇಶ ಬಂತು: ನಾಳೆ ನಿಮ್ಮ ಭೇಟಿ ಇದೆ, ಮರೆಯಬೇಡಿ. ರದ್ದಾದ ಭೇಟಿಗೂ ನೆನಪಿಸುವ ಸಂದೇಶ! ಪ್ರೋಗ್ರಾಮು ಹೀಗೇ ಆಸ್ಪತ್ರೆಗಳಿಗೆ ಹೋಗಿದ್ದರೆ ಎಷ್ಟು ಕಾಯಿಲೆಯವರು ಸುಮ್ಮನೆ ಅಲೆಯುತ್ತಿದ್ದರೋ. ಯಾರ ರಿವ್ಯೂ ಎಂದು ನೋಡಿದಳು. ಮೌನಿಯದು. ತನ್ನ ಪರವಾಗಿ ಬಾಯಿ ಬಿಟ್ಟ ಒಬ್ಬನೇ ಒಬ್ಬ ಅವನು. ಒಂದು ನಿಟ್ಟುಸಿರು ಬಿಟ್ಟು ತಪ್ಪನ್ನು ಎಲ್ಲರಿಗೂ ಕಾಣುವಂತೆ ದಾಖಲಿಸಿದಳು. ಅವತ್ತೇ ತಿದ್ದಿದರು.

ಮುಂದಿನ ರೆಟ್ರೋದಲ್ಲಿ ಮೊದಲು ಹಿಂದಿನ ಪ್ರಯೋಗ ಏನಾಯಿತೆಂದು ನೋಡಬೇಕಿತ್ತು. ದೊಡ್ಡಣ್ಣ ಕೈ ಉಜ್ಜಿಕೊಂಡೇ ಬಂದ.

"ಸತ್ತಿತು ನಿಮ್ಮ ಪ್ರಯೋಗ. ರದ್ದಾದ ಭೇಟಿಗೆ ಮೆಸೇಜು! ನಾನು ರಿವ್ಯೂ ಮಾಡಿದ್ರೆ ಇದು ದಾಟ್ತಿತ್ತಾ? ನಿಲ್ಲಿಸ್ಬೇಕು ಅಂತಾನೇ ಬರ್ದಿದೆ, ಓದಿ."

ಜರಡಿ ಓದಿದಳು: "ಒಂದು ತಪ್ಪಾದರೂ ಗಿರಾಕಿಗಳವರೆಗೆ ಹೋದರೆ ಅಂದೇ ನಿಲ್ಲಿಸುವುದು."

"ಹೋಗಿಲ್ವಲ್ಲ," ಎಂದ ಮೌನಿ. "ಟೆಸ್ಟಿಂಗ್‌ನಲ್ಲೇ ಸಿಕ್ತು."

"ಸಿಕ್ಕಿದ್ದು ಅದೃಷ್ಟ!"

"ಅದೃಷ್ಟಕ್ಕೆ ಸಂಬಳ ಕೊಡ್ತಾರಾ ಅಣ್ಣಾ? ಅಕ್ಕ ಹುಡುಕಿದ್ದು."

"ನೀವೇ ಹಾಕ್ಸಿದ ಶರತ್ತು," ಎಂದಳು ಗಂಟೆ ಮೇಡಂ ದೊಡ್ಡಣ್ಣನಿಗೆ. "ಈಗ ಬೇರೆ ಶರತ್ತು ಬೇಕು ಅಂದ್ರೆ ಮುಂದಿನ ಸಲಕ್ಕೆ ಹಾಕಣ. ನೋಡಿಕೊಳ್ಳುವವರು ನೀವು. ಹೇಳಿ, ರಿವ್ಯೂ ಮಾರನೇ ಬೆಳಿಗ್ಗೆ ಒಳಗೆ ಆಯ್ತಾ?"

ದೊಡ್ಡಣ್ಣ ಸೀಲಿಂಗು ನೋಡಿದ, ಕಿಟಕಿ ನೋಡಿದ. ಕೋಪಿಷ್ಠನೇ ಹೊರತು ಸುಳ್ಳ ಅಲ್ಲ ಅವನು.

"ಆಯ್ತು," ಎಂದ. ಹಲ್ಲು ಕೀಳಿಸಿಕೊಂಡವನ ಮುಖ. "ಎರಡು ಬಿಟ್ಟು ಎಲ್ಲಾ ಆಯ್ತು. ಆ ಎರಡೂ..."

"ಯಾರ ಹತ್ರ ಇದ್ವು?"

"ನನ್ನ ಹತ್ರ. ಈಗ ಅದನ್ನೂ ಬರೀರಿ. ಕುಣೀರಿ!"

ಯಾರೋ ಕಿಸಕ್ಕೆಂದರು. ಜರಡಿ ನಗಲಿಲ್ಲ. ಬರೆಯುತ್ತ ಹೇಳಿದಳು: "ತೊಂದರೆ ಸಾಲಿಗೆ ನಂದೊಂದಿದೆ. ರಿವ್ಯೂ ಬೇಗ ಆಯ್ತು, ನಿಜ. ಆದ್ರೆ ಟೆಸ್ಟಿಂಗ್‌ನಲ್ಲಿ ಸಿಕ್ಕ ತಪ್ಪು ಮೊದ್ಲಿಗಿಂತ ಹೆಚ್ಚು. ಬರೀ ಆ ಮೆಸೇಜು ಒಂದೇ ಅಲ್ಲ."

ಮೌನಿಯ ತಲೆ ಥಟ್ಟನೆ ಮೇಲೆದ್ದಿತು. "ಅಕ್ಕಾ! ನಾನು ನಿಮ್ಮ ಕಡೆ ಮಾತಾಡ್ತಿದೀನಿ!"

"ಗೊತ್ತು."

"ಇಷ್ಟು ಬೇಗ ತಿರುಗಿ ಬಿದ್ರಾ?"

"ಆಗಿದ್ದು ಹಾಗಿದೆ ಕಣಪ್ಪ. ಬರೀದಿದ್ರೆ ಈ ಪ್ರಯೋಗ ಬರೀ ಅರ್ಧ ಸತ್ಯ."

ಮೌನಿ ಮುಖ ತಿರುಗಿಸಿದ. ಆಮೇಲೆ ಸಭೆ ಮುಗಿಯುವವರೆಗೂ ಅವಳ ಕಡೆ ನೋಡಲಿಲ್ಲ. ಅವಳ ಪರ ಇದ್ದ ಒಬ್ಬನೂ ಹೋದ. ದೊಡ್ಡಣ್ಣ ಮಾತ್ರ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಅವಳನ್ನೇ ನೋಡಿದ. ಜೇಬು ಕತ್ತರಿಸಿದವನೇ ಪರ್ಸು ವಾಪಸು ಕೊಟ್ಟರೆ ನೋಡುವ ಹಾಗೆ.

ಹೊಸ ಪ್ರಯೋಗ ಒಪ್ಪಿಗೆಯಾದದ್ದು ಮೊದಲಿನಷ್ಟೇ ಕಿತ್ತಾಡಿ. ಸಣ್ಣ ಬದಲಾವಣೆಗಳ ರಿವ್ಯೂ ಮೌನಿಯ ಬಳಿ ಮುಂದುವರಿಯುವುದು. ಸಂದೇಶ, ರದ್ದತಿ ಮುಟ್ಟುವ ಯಾವುದೂ ಸಣ್ಣದಲ್ಲ, ಅದು ಇಬ್ಬರ ಕಣ್ಣಿಗೂ ಬೀಳಬೇಕು. ಮೊದಲ ವಾರ ದೊಡ್ಡಣ್ಣ ದಿನಾ ಸ್ವಲ್ಪ ಹೊತ್ತು ಮೌನಿಯ ಪಕ್ಕ ಕುಳಿತು, ತಾನು ಎಲ್ಲೆಲ್ಲಿ ಕಣ್ಣಿಡುತ್ತೇನೆಂದು ತೋರಿಸುವುದು. ಟೆಸ್ಟಿಂಗ್‌ನಲ್ಲಿ ಸಿಗುವ ತಪ್ಪು ಇಳಿದರೆ ಗೆದ್ದಂತೆ.

"ಪಕ್ಕದಲ್ಲಿ ಕೂತ್ಕೊಂಡು ಬೈದ್ರೆ?" ಎಂದ ಮೌನಿ.

"ಬೈಯ್ದೆ ಕಲಿಸೋಕೆ ನಂಗೆ ಬರಲ್ಲ," ಎಂದ ದೊಡ್ಡಣ್ಣ.

ಜರಡಿ ಗಟ್ಟಿಯಾಗಿ ಓದತೊಡಗಿದಳು. ಮಧ್ಯದಲ್ಲಿ ಅವನು ತಡೆದ. "'ರಿವ್ಯೂ ಬೇಗ ಆಯಿತು' ಅಂದ್ರೆ ಸಾಲದು. 'ಎರಡು ಬಿಟ್ಟು' ಅಂತ ಹಾಕಿ. ನನ್ನ ಲೆಕ್ಕಕ್ಕೆ ನೀವೇನು ತೇಪೆ ಹಾಕ್ಬೇಡಿ."

ಹಾಕಿದಳು. ಎಲ್ಲರೂ ಹೂಂ ಎಂದರು.

ತಿಂಗಳ ಕೊನೆಗೆ ಕಾಂಟ್ರಾಕ್ಟಿನ ಕಾಗದ ಬಂತು. ಅಭಿಪ್ರಾಯದ ಜಾಗದಲ್ಲಿ ದೊಡ್ಡಣ್ಣ ಬರೆದಿದ್ದ: "ಇವರ ಜೊತೆ ಕೆಲಸ ಮಾಡುವುದು ಕಷ್ಟ. ಬೇರೆಯವರ ತಪ್ಪನ್ನೂ ತಮ್ಮ ತಪ್ಪನ್ನೂ ಒಂದೇ ಅಳತೆಯಲ್ಲಿ ಬರೆಯುತ್ತಾರೆ. ಮುಂದುವರಿಸಬೇಕು. ಬೇಡವೆಂದರೆ ನಾನು ಕಾರಣ ಕೇಳುತ್ತೇನೆ." ಕೆಳಗೆ ಮ್ಯಾನೇಜರಿನ ಸಹಿ, ಪೆನ್ನು ಕಾಗದಕ್ಕೆ ಚುಚ್ಚಿದ ಹಾಗೆ. ಪ್ರೋಗ್ರಾಮು ಕಟ್ಟಿದವನು ಕಾರಣ ಕೇಳುತ್ತೇನೆಂದ ಮೇಲೆ ಅವನಿಗೂ ಬೇರೆ ದಾರಿ ಇರಲಿಲ್ಲ.

ಅತ್ತೆಗೆ ಅದನ್ನು ಓದಿ ಹೇಳಿದಳು.

"ಇದು ಹೊಗಳಿದ್ದೋ ಬೈದಿದ್ದೋ?"

"ಅವರಿಗೂ ಗೊತ್ತಿಲ್ಲ ಅನ್ಸುತ್ತೆ ಅತ್ತೆ."

ಮರುದಿನ ಕಾಫಿ ಮಿಷನ್ ಹತ್ತಿರ ದೊಡ್ಡಣ್ಣ ಎದುರಾದ. ಅವಳು ಥ್ಯಾಂಕ್ಸ್ ಹೇಳಲು ಬಾಯಿ ತೆರೆದಳು. "ಏನೂ ಹೇಳ್ಬೇಡಿ," ಎಂದ ಅವನು. "ನಿಮ್ಮ ಮೇಲಿನ ಸಿಟ್ಟು ಇನ್ನೂ ಹಾಗೇ ಇದೆ. ಆ ಪ್ರಾಜೆಕ್ಟು ನಂಗೆ ವಾಪಸ್ ಬಂದಿಲ್ಲ." ಲೋಟ ಹಿಡಿದು ಹೊರಟವನು ಈ ಸಲ ಹಿಂದಕ್ಕೆ ತಿರುಗಲಿಲ್ಲ. ಅವಳ ಪಕ್ಕದಿಂದಲೇ, ಭುಜ ತಗಲುವಷ್ಟು ಹತ್ತಿರದಿಂದ, ದಾಟಿ ಹೋದ. ಜರಡಿ ತನ್ನ ಮೇಜಿಗೆ ಬಂದು ಮುಂದಿನ ರೆಟ್ರೋಗೆ ಹೊಸ ಪುಟ ತೆರೆದಳು. ಬರೆಯುವ ಮೊದಲು ನೆತ್ತಿಯ ಸಣ್ಣ ಅಕ್ಷರ ಓದಿಕೊಂಡಳು. ತಂಡದ ಫೋಲ್ಡರೇ. ಆದರೂ ಮೌನಿಯ ಕುರ್ಚಿಯ ಬಳಿ ಹೋಗಿ, "ನಿನ್ನ ಕಂಪ್ಯೂಟರಿಂದ ಒಂದ್ಸಲ ನೋಡು, ಎಲ್ಲಿದೆ ಇದು?" ಎಂದಳು. ಅವನು ಇನ್ನೂ ಮುಖ ಊದಿಸಿಕೊಂಡೇ ಇದ್ದ. ಅವಳ ಕಡೆ ನೋಡದೆ, ಪರದೆಯ ಕಡೆಗಷ್ಟೇ ನೋಡಿ, "ಸರಿಯಾದ ಜಾಗದಲ್ಲೇ ಇದೆ," ಎಂದ.